ರೇಟು ಬೋರ್ಡಿನ ಅಂಕಿ ನೋಡಿ ದೇಶ ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನಾವು ಏಳೆಂಟು ಜನ ಭಾನುವಾರ ಸಂಜೆ ಸೇರಿ ಒಂದು ಆಟ ಆಡುತ್ತೇವೆ. ಒಬ್ಬರು ಯಾವುದೋ ದೇಶದ ಸಂತೆಯ ಫೋಟೊ ತೋರಿಸುತ್ತಾರೆ, ಉಳಿದವರು ಅದು ಯಾವ ದೇಶ ಅಂತ ಹೇಳಬೇಕು. ಹೇಳಿದರಷ್ಟೇ ಸಾಲದು, ಯಾಕೆ ಅಂತಲೂ ಹೇಳಬೇಕು. ತರಕಾರಿ ನೋಡಿ ಹೇಳುವುದು ಕಷ್ಟ. ಟೊಮೆಟೊ ರಾಶಿ ಕೋಲಾರದ ಮಂಡಿಯಲ್ಲೂ ಕೆಂಪಗೇ ಇರುತ್ತದೆ, ಕೈರೋದಲ್ಲೂ ಕೆಂಪಗೇ ಇರುತ್ತದೆ. ನಮಗೆ ಜಾಸ್ತಿ ಕೈ ಹಿಡಿದಿರುವುದು ರಾಶಿಯ ಮೇಲೆ ಸಿಕ್ಕಿಸಿದ ರೇಟು ಬೋರ್ಡು. ಹೊಸದಾಗಿ ಆಟಕ್ಕೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಅಂಕಿಯನ್ನೇ ಯಾಕೆ ನೋಡಬೇಕು? ಪಕ್ಕದಲ್ಲಿ ಅಕ್ಷರ ಇರುತ್ತದಲ್ಲಾ?

ಇರುತ್ತದೆ, ಆದರೆ ಓದಲು ಬರುವುದಿಲ್ಲ. ಮಾರುವವರು ಬೆಲೆಯನ್ನು ದೂರದಿಂದ ಕಾಣುವ ಹಾಗೆ ದಪ್ಪಗೆ ಬರೆಯುತ್ತಾರೆ. ಹಣ್ಣಿನ ಹೆಸರು, 'ಕಿಲೋ' ಅನ್ನುವ ಮಾತು ಮೂಲೆಯಲ್ಲಿ ಸಣ್ಣಗೆ ಇರುತ್ತವೆ. ಮೊಬೈಲಿನಲ್ಲಿ ತೆಗೆದ ಫೋಟೊ ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ಆ ಸಣ್ಣ ಅಕ್ಷರ ಮಸುಕಾಗಿರುತ್ತದೆ. ಅಂಕಿ ಮಾತ್ರ ನಿಂತಿರುತ್ತದೆ.

ಇನ್ನೊಂದು ಕಾರಣ ಇದೆ. ಒಂದು ಲಿಪಿಯ ಅಕ್ಷರ ಕಲಿಯಲು ತಿಂಗಳು ಬೇಕು. ಅಂಕಿ ಅಂದರೆ ಹತ್ತೇ ಆಕಾರ. ಒಂದು ಸಂಜೆ ಕೂತರೆ ಒಂದು ಲಿಪಿಯ ಹತ್ತೂ ಕಣ್ಣಿಗೆ ಹತ್ತುತ್ತವೆ. ಆದರೆ ತೊಂದರೆಯೂ ಅಲ್ಲೇ ಇದೆ. ಹತ್ತೇ ಆಕಾರ ಆಗಿರುವುದರಿಂದ ಒಂದು ಲಿಪಿಯ ನಾಲ್ಕು ಇನ್ನೊಂದು ಲಿಪಿಯ ಎಂಟಿನ ಹಾಗೆ ಕಾಣುತ್ತದೆ. ಗುರುತೇ ಇಲ್ಲದ ಅಂಕಿಯ ಮುಂದೆ ನಾವು ಸುಮ್ನೆ ನಿಲ್ಲುತ್ತೇವೆ, ಅದರಿಂದ ನಷ್ಟವಿಲ್ಲ. ಮೋಸ ಮಾಡುವುದು ಗುರುತಿರುವ ಹಾಗೆ ಕಾಣುವ ಅಂಕಿ.

ಕನ್ನಡ ಅಂಕಿ ಕಂಡರೆ ಕರ್ನಾಟಕ ಅಂತ ಕಣ್ಣು ಮುಚ್ಚಿ ಹೇಳಬಹುದಾ?

ಕಣ್ಣು ತೆರೆದೇ ಹೇಳಿ. ಮೊದಲು ಒಂದು ಮಾತು: ನಮ್ಮ ಕಡೆಯ ತರಕಾರಿ ಅಂಗಡಿಯಲ್ಲಿ ರಟ್ಟಿನ ಮೇಲೆ, ಸ್ಲೇಟಿನ ಮೇಲೆ ಬರೆಯುವುದು ಹೆಚ್ಚಾಗಿ 1, 2, 3 ಅಂತಲೇ. ೧, ೨, ೩ ಬಸ್ಸಿನ ಮೇಲೆ, ಕಚೇರಿಯ ಫಲಕದ ಮೇಲೆ ಕಾಣುತ್ತವೆ. ಬೆಲೆಯ ಹಲಗೆಯಲ್ಲಿ ಅಪರೂಪ. ಹಾಗಾಗಿ ಬೆಲೆ ಹಲಗೆಯಲ್ಲಿ ಕನ್ನಡ ಅಂಕಿ ಇಲ್ಲ ಅಂದ ಮಾತ್ರಕ್ಕೆ ಅದು ಕರ್ನಾಟಕ ಅಲ್ಲ ಅನ್ನಬೇಡಿ.

ಕಂಡಿತು ಅಂತ ಇಟ್ಟುಕೊಳ್ಳಿ. ಆಗ ಎರಡು ಅನುಮಾನ ಬರಬೇಕು. ಒಂದು ತೆಲುಗು. ಮುಳಬಾಗಿಲು, ಬಾಗೇಪಲ್ಲಿ, ಪಾವಗಡ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಮನೆಯಲ್ಲೇ ಎರಡು ಭಾಷೆ ಓಡಾಡುತ್ತವೆ. ತೆಲುಗಿನ ౦ ౧ ౨ ౩ ౪ ನಮ್ಮ ೦ ೧ ೨ ೩ ೪ ಕ್ಕೆ ಅವಳಿ ಇದ್ದ ಹಾಗೆ. ಮುದ್ರಣದಲ್ಲಿ ಮುಂದಿನ ಅಂಕಿಗಳಲ್ಲಿ ಅಷ್ಟಿಷ್ಟು ಫರಕು ಸಿಗುತ್ತದೆ, ಚಾಕ್‌ಪೀಸಿನಲ್ಲಿ ಬರೆದಾಗ ಅದೂ ಸಿಗುವುದಿಲ್ಲ. ಅಂಕಿಯ ಮೇಲೆ ಪಂದ್ಯ ಕಟ್ಟುವ ಬದಲು ಪಕ್ಕದ ಅಕ್ಷರದ ತಲೆ ನೋಡಿ. ನಮ್ಮ ಕ ದ ತಲೆಕಟ್ಟು ಅಡ್ಡಗೆ ಹೋಗಿ ಬಲಕ್ಕೆ ಮಡಚಿಕೊಳ್ಳುತ್ತದೆ. ತೆಲುಗಿನ క ದ ತಲೆಕಟ್ಟು ಮೇಷ್ಟ್ರು ಸರಿ ಗುರುತು ಹಾಕಿದ ಹಾಗೆ ಇರುತ್ತದೆ. ಆಂಧ್ರ, ತೆಲಂಗಾಣದ ಬೆಲೆ ಹಲಗೆಗಳಲ್ಲೂ 1, 2, 3 ದೇ ರಾಜ್ಯಭಾರ ಅನ್ನುವುದು ನೆನಪಿರಲಿ.

ಎರಡನೆಯ ಅನುಮಾನ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಅದು ಮ್ಯಾನ್ಮಾರ್, ನಮ್ಮ ಹಿರಿಯರು ಬರ್ಮಾ ಅನ್ನುತ್ತಿದ್ದರಲ್ಲ, ಆ ದೇಶ. ಬರ್ಮೀಸ್ ಅಂಕಿಗಳು ಹೀಗಿವೆ: ၀ ၁ ၂ ၃ ၄ ၅ ၆ ၇ ၈ ၉. ಸೊನ್ನೆ ನಮ್ಮದೇ, ಒಂದು ನಮ್ಮ ೧ ಕ್ಕೆ ಹತ್ತಿರ, ಎರಡು ನಮ್ಮ ೨ ಕ್ಕೆ ಹತ್ತಿರ. ಅಲ್ಲಿನವರು ಬೆಲೆ ಹಲಗೆಯಲ್ಲಿ ಈ ಅಂಕಿಗಳನ್ನು ನಿಜಕ್ಕೂ ಬಳಸುತ್ತಾರೆ. ಒಮ್ಮೆ ನಾನೇ ၁၂၀၀ ನೋಡಿ 'ಕರ್ನಾಟಕ, 1200 ರೂಪಾಯಿ, ಒಂದು ಬಾಕ್ಸು' ಅಂತ ಜೋರಾಗಿ ಹೇಳಿ ಎಲ್ಲರ ಮುಂದೆ ನಗೆಪಾಟಲಾದೆ. ಅದು 1200 ಹೌದು, ಆದರೆ 1200 ಚಾಟ್, ಮ್ಯಾನ್ಮಾರಿನ ದುಡ್ಡು. ಪಕ್ಕದ ಅಕ್ಷರಗಳು ಬರೀ ಉಂಗುರ, ಅರ್ಧ ಉಂಗುರ. ಒಂದಕ್ಕೂ ತಲೆಕಟ್ಟಿರಲಿಲ್ಲ. ಅಷ್ಟು ನೋಡಿದ್ದರೆ ಸಾಕಿತ್ತು.

ಬೋರ್ಡಿನಲ್ಲಿ 280 ಅಂತ ಸ್ಪಷ್ಟವಾಗಿ ಕಾಣುತ್ತಿದೆ. ಇದರಲ್ಲಿ ಅನುಮಾನ ಪಡುವುದು ಏನಿದೆ?

ಬಂಗಾಳಿ ಇರಬಹುದು. ಆಗ ಅದು 280 ಅಲ್ಲ, 240.

ಬಂಗಾಳಿ ಅಂಕಿಗಳು ಇವು: ০ ১ ২ ৩ ৪ ৫ ৬ ৭ ৮ ৯. ಇದರಲ್ಲಿ ২ ಮತ್ತು ০ ನಮಗೆ ಗೊತ್ತಿರುವ 2 ಮತ್ತು 0 ಗಳ ಹಾಗೇ ಇವೆ, ಬೆಲೆಯೂ ಅದೇ. ಆದರೆ ৪ ನೋಡಲು ಎಂಟು, ಅಸಲಿಗೆ ನಾಲ್ಕು. ৭ ನೋಡಲು ಒಂಬತ್ತು, ಅಸಲಿಗೆ ಏಳು. ಹೀಗಾಗಿ ২৪০ ಅಂತ ಬರೆದರೆ ಮೂರಕ್ಕೆ ಮೂರೂ ಅಂಕಿ ಪರಿಚಯದವು ಅನ್ನಿಸುತ್ತವೆ. ಬೇರೆ ಲಿಪಿ ಅನ್ನುವ ಅನುಮಾನವೇ ಬರುವುದಿಲ್ಲ. ৭০ ಕಂಡರೆ 90 ಅಂತ ಓದಿ ಮುಂದೆ ಹೋಗುತ್ತೇವೆ.

ಕನ್ನಡ ಓದಿದವರಿಗೆ ಇಲ್ಲೊಂದು ಅನುಕೂಲ ಇದೆ. ನಮ್ಮ ೪ ನ್ನು ಒಮ್ಮೆ ಬರೆದು ನೋಡಿ. ಕೆಳಗೆ ಒಂದು ಸುತ್ತು, ಮೇಲೆ ತೆರೆದ ಬಾಯಿ. ಆ ಬಾಯಿ ಮುಚ್ಚಿದರೆ ಬಂಗಾಳಿಯ ৪. ಹಿಂದಿಯ ४ ಕೂಡ ಬಾಯಿ ತೆರೆದದ್ದೇ. ಮೂರೂ ಒಂದೇ ಮನೆತನ. ಇದನ್ನು ಒಮ್ಮೆ ಕೈಯಲ್ಲಿ ಬರೆದವರು ಆಮೇಲೆ ತಪ್ಪುವುದು ಕಡಿಮೆ.

ಇಷ್ಟಾದರೂ ಒಂದೇ ಬೋರ್ಡು ನೋಡಿ ತೀರ್ಮಾನ ಮಾಡಬಾರದು. ಅಂಗಡಿಯ ಬೇರೆ ಬೋರ್ಡುಗಳನ್ನೂ ನೋಡಿ. ৩, ৫, ৬ ಇವುಗಳಲ್ಲಿ ಒಂದಾದರೂ ಸಿಕ್ಕರೆ ಕೆಲಸ ಮುಗಿಯಿತು, ಯಾಕೆಂದರೆ ಅವು ಇಂಗ್ಲಿಷ್ ಅಂಕಿಯ ಹಾಗೆ ಕಾಣುವುದಿಲ್ಲ. ಮೀನಿನ ಅಂಗಡಿಯಲ್ಲಿ ಏಳೆಂಟು ಬೋರ್ಡು ಇದ್ದು ಎಲ್ಲದರಲ್ಲೂ ಬರೀ 2, 8, 9, 0 ಗಳೇ ಇದ್ದು, ಒಂದು 3, ಒಂದು 5 ಕೂಡ ಇಲ್ಲ ಅಂದರೆ ಅದು ಕಾಕತಾಳೀಯ ಇರಲಾರದು. ಅನುಮಾನದ ಗಂಟೆ ಹೊಡೆಯಬೇಕು.

ಬಂಗಾಳಿ ಅಂತ ಗೊತ್ತಾಯಿತು. ಕೋಲ್ಕತ್ತಾನಾ, ಢಾಕಾನಾ?

ಅಂಕಿ ಇದನ್ನು ಹೇಳುವುದಿಲ್ಲ. 'ಟಾಕಾ' ಅನ್ನುವ ಮಾತೂ ಹೇಳುವುದಿಲ್ಲ, ಯಾಕೆಂದರೆ ಪಶ್ಚಿಮ ಬಂಗಾಳದವರು ರೂಪಾಯಿಗೂ ಟಾಕಾ ಅಂತಲೇ ಅನ್ನುತ್ತಾರೆ. ಆದರೆ ৳ ಅನ್ನುವ ಗುರುತು ಇದ್ದರೆ ಬಾಂಗ್ಲಾದೇಶದ ಕಡೆ ವಾಲಬಹುದು, ₹ ಇದ್ದರೆ ಭಾರತ. ಅಕ್ಷರಗಳಲ್ಲಿ ৰ ಅಥವಾ ৱ ಸಿಕ್ಕರೆ ಅದು ಅಸ್ಸಾಮಿ. ಅಸ್ಸಾಮಿಗೂ ಅಂಕಿ ಇವೇ. ಬೆಲೆಯ ಲೆಕ್ಕದಿಂದ ಬಿಡಿಸಲು ಹೋಗಬೇಡಿ. ರೂಪಾಯಿಗೂ ಟಾಕಾಗೂ ಅಂತರ ಅಷ್ಟು ದೊಡ್ಡದಲ್ಲ.

ಅರಬ್ಬಿ ಬೋರ್ಡಿನಲ್ಲಿ 10 ಅಂತ ಬರೆದಿದೆಯಲ್ಲಾ? ಒಂದು ಗೀಟು, ಒಂದು ಸೊನ್ನೆ?

ನಮ್ಮ ಆಟದಲ್ಲಿ ಜನ ಅತಿ ಹೆಚ್ಚು ಮುಗ್ಗರಿಸುವುದು ಇಲ್ಲಿ. ಅದು 10 ಅಲ್ಲ, 15. ಅರಬ್ಬಿಯಲ್ಲಿ ಉಂಗುರ ಅಂದರೆ ಐದು. ಸೊನ್ನೆಗೆ ಬರೀ ಒಂದು ಚುಕ್ಕಿ.

ಹತ್ತೂ ಅಂಕಿ ಸಾಲಾಗಿ:

٠ ١ ٢ ٣ ٤ ٥ ٦ ٧ ٨ ٩

ಒಂದು ಮತ್ತು ಒಂಬತ್ತು ನಮಗೆ ಗೊತ್ತಿರುವ ಆಕಾರದಲ್ಲೇ ಇವೆ. ٦ ನೋಡಲು ಏಳು, ಆದರೆ ಆರು. ಏಳು ٧, ಕಣಿವೆಯ ಹಾಗೆ ಕೆಳಗೆ ಚೂಪು. ಎಂಟು ٨, ಗುಡ್ಡದ ಹಾಗೆ ಮೇಲೆ ಚೂಪು. ನಾಲ್ಕು ٤, ಇಂಗ್ಲಿಷ್ 3 ನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ಎರಡಕ್ಕೂ ಮೂರಕ್ಕೂ ಫರಕು ಒಂದು ಹಲ್ಲಿನದು. ٢ ಕ್ಕೆ ಒಂದು ಗುಳಿ, ٣ ಕ್ಕೆ ಎರಡು. ಕೈಬರಹದಲ್ಲಿ ಇದು ಕೈಕೊಡುತ್ತದೆ. ಅರಬ್ಬರು ಕೈಯಲ್ಲಿ ಬರೆಯುವಾಗ ಮೂರನ್ನು ಎಷ್ಟೋ ಸಲ ಒಂದೇ ಗುಳಿಯಲ್ಲಿ ಮುಗಿಸುತ್ತಾರೆ, ಅಂದರೆ ಮುದ್ರಣದ ಎರಡರ ಹಾಗೆ. ಎರಡನ್ನು ಬರೀ ಬಾಗಿದ ಗೀಟು ಮಾಡುತ್ತಾರೆ. ಒಂದೇ ಕೈ ಬರೆದ ಬೋರ್ಡುಗಳಲ್ಲಿ ಎರಡು, ಮೂರು ಎರಡನ್ನೂ ಹುಡುಕಿ ಹೋಲಿಸಿದರೆ ಮಾತ್ರ ಖಚಿತ.

ಚುಕ್ಕಿಯ ಸೊನ್ನೆಗೂ ಒಂದು ಕಾಟ ಇದೆ. ಬಣ್ಣದ ಹನಿ, ರಟ್ಟಿನ ತೂತು, ನೊಣ, ಎಲ್ಲವೂ ಸೊನ್ನೆಯ ಹಾಗೇ ಕಾಣುತ್ತವೆ. ನಿಜವಾದ ಸೊನ್ನೆ ಅಂಕಿಗಳ ನಡು ಎತ್ತರದಲ್ಲಿ ಇರುತ್ತದೆ. ಅದಕ್ಕೆ ಮುಂದಿನ ಅಂಕಿಯಷ್ಟೇ ಜಾಗ ಬಿಟ್ಟಿರುತ್ತಾರೆ.

ಅಂದಹಾಗೆ, ನಾವು ದಿನಾ ಬರೆಯುವ 1, 2, 3 ಕ್ಕೂ ಶಾಲೆಯಲ್ಲಿ ಅರೇಬಿಕ್ ಅಂಕಿ ಅಂತ ಹೇಳಿಕೊಡುತ್ತಾರೆ. ಅವು ಭಾರತದಿಂದ ಅರಬ್ಬರ ಕೈ ಸೇರಿ ಯುರೋಪಿಗೆ ಹೋದವು, ಅದಕ್ಕೆ ಆ ಹೆಸರು. ನಮ್ಮ ಸಂವಿಧಾನದ 343ನೇ ವಿಧಿ ಅವನ್ನು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ ಅನ್ನುತ್ತದೆ. ಹೆಸರಿನ ಗೊಂದಲ ಬೇಡ ಅಂತ ನಾವು ಆಟದಲ್ಲಿ 1, 2, 3 ಕ್ಕೆ 'ಇಂಗ್ಲಿಷ್ ಅಂಕಿ', ١ ٢ ٣ ಕ್ಕೆ 'ಅರಬ್ಬಿ ಅಂಕಿ' ಅನ್ನುತ್ತೇವೆ.

ಅರಬ್ಬಿಯನ್ನು ಬಲದಿಂದ ಎಡಕ್ಕೆ ಓದಬೇಕಲ್ವಾ? ಅಂಕಿಯನ್ನೂ ಹಾಗೇ ಓದಬೇಕಾ?

ಬೇಡ. ಅಕ್ಷರ ಬಲದಿಂದ ಎಡಕ್ಕೆ. ಸಂಖ್ಯೆಯಲ್ಲಿ ದೊಡ್ಡ ಸ್ಥಾನ ನಮ್ಮ ಹಾಗೇ ಎಡಗಡೆ. ١٢٠ ಅಂದರೆ 120.

ಇದು ಅರಬ್ ದೇಶನಾ, ಇರಾನಾ? ಎರಡೂ ಒಂದೇ ಥರ ಕಾಣುತ್ತವೆ.

ಹತ್ತರಲ್ಲಿ ಏಳು ಅಂಕಿ ಒಂದೇ ಥರ. ಜಗಳ ಇರುವುದು ನಾಲ್ಕು, ಐದು, ಆರರಲ್ಲಿ. ಬೋರ್ಡಿನಲ್ಲಿ ಈ ಮೂರರಲ್ಲಿ ಒಂದು ಸಿಗುವ ತನಕ ಬಾಯಿ ಬಿಡಬಾರದು ಅನ್ನುವುದು ನಮ್ಮ ಆಟದ ನಿಯಮ.

ಅರಬ್ಬಿ: ٤ ٥ ٦

ಪಾರ್ಸಿ, ಅಂದರೆ ಇರಾನಿನ ಭಾಷೆ: ۴ ۵ ۶

ಪಾರ್ಸಿಯ ನಾಲ್ಕು ಒಂದು ನೆಟ್ಟ ಗೀಟು, ಅದರ ತಲೆಯಲ್ಲಿ ಬಲಕ್ಕೆ ಒಂದು ಮಡಿಕೆ. ಅರಬ್ಬಿಯ ನಾಲ್ಕಿನಲ್ಲಿ ಗೀಟೇ ಇಲ್ಲ, ಬರೀ ಎರಡು ಬಳುಕು. ಪಾರ್ಸಿಯ ಐದು ತಲೆಕೆಳಗಾದ ವೀಳ್ಯದೆಲೆಯ ಹಾಗೆ, ಕೆಳಗೆ ನಡುವಲ್ಲಿ ಒಳಕ್ಕೆ ಚುಚ್ಚಿಕೊಂಡಿರುತ್ತದೆ. ಅರಬ್ಬಿಯದು ನುಣುಪಾದ ಉಂಗುರ. ಆರರಲ್ಲಿ ಅರಬ್ಬಿಯದು ಇಂಗ್ಲಿಷ್ 7 ರ ಹಾಗೆ ಎಡಕ್ಕೆ ತಲೆ ಚಾಚಿದರೆ, ಪಾರ್ಸಿಯದಕ್ಕೆ ತಲೆಯಲ್ಲಿ ಬಲಕ್ಕೆ ತೆರೆದ ಕೊಕ್ಕೆ.

ಮೂರರಲ್ಲಿ ಯಾವುದನ್ನು ನಂಬಬೇಕು ಅಂದರೆ ನಾನು ನಾಲ್ಕನ್ನು ಅನ್ನುತ್ತೇನೆ. ಐದನ್ನು ಅವಸರದಲ್ಲಿ ಬರೆದರೆ ಆ ಚುಚ್ಚು ಮಾಯವಾಗಿ ಬರೀ ಉಂಗುರ ಉಳಿಯುತ್ತದೆ, ಆಗ ಇರಾನಿನ ಐದೂ ಅರಬ್ಬಿಯ ಐದೂ ಒಂದೇ. ನಾಲ್ಕು ಎಷ್ಟು ಅವಸರದಲ್ಲೂ ತನ್ನ ಗೀಟು ಬಿಡುವುದಿಲ್ಲ.

ಅಕ್ಷರ ಸ್ವಲ್ಪ ಕಂಡರೂ 'ಕಿಲೋ' ಅನ್ನುವ ಮಾತನ್ನು ಸಾಕ್ಷಿ ಅಂತ ನಂಬಬೇಡಿ. ಅರಬ್ಬಿಯಲ್ಲಿ كيلو, ಪಾರ್ಸಿಯಲ್ಲಿ کیلو. ಎರಡೂ ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ಥರ, ಆ ಮೊದಲ ಅಕ್ಷರ ಪದದ ಕೊನೆಯಲ್ಲಿ ಅಥವಾ ಒಂಟಿಯಾಗಿ ನಿಂತಾಗ ಮಾತ್ರ ಫರಕು ಕಾಣುತ್ತದೆ: ಅರಬ್ಬಿಯ ك ಹೊಟ್ಟೆಯಲ್ಲಿ ಒಂದು ಪುಟ್ಟ ಕೊಕ್ಕೆ ಇಟ್ಟುಕೊಂಡಿರುತ್ತದೆ, ಪಾರ್ಸಿಯ ک ಇಟ್ಟುಕೊಂಡಿರುವುದಿಲ್ಲ. ಇದಕ್ಕಿಂತ ಸುಲಭದ್ದು پ ಮತ್ತು چ. ಕೆಳಗೆ ಮೂರು ಚುಕ್ಕಿ ಇರುವ ಅಕ್ಷರ ಸಿಕ್ಕರೆ ಶುದ್ಧ ಅರಬ್ಬಿ ಇರುವ ಸಾಧ್ಯತೆ ಕಡಿಮೆ.

ಪಾರ್ಸಿ ಅಂಕಿ ಅಂದ ತಕ್ಷಣ ಇರಾನ್ ಅಂತಲೂ ಅಲ್ಲ, ಅಫ್ಘಾನಿಸ್ತಾನವೂ ಇದೆ. ಇಲ್ಲಿ ಬೆಲೆಯ ಗಾತ್ರ ನೆರವಿಗೆ ಬರುತ್ತದೆ. ಇರಾನಿನಲ್ಲಿ ಹೆಸರಿಗೆ ರಿಯಾಲ್ ಇದ್ದರೂ ಸಂತೆಯ ಮಾತೆಲ್ಲ ತೊಮಾನಿನಲ್ಲಿ. 10 ರಿಯಾಲಿಗೆ 1 ತೊಮಾನ್. ಹಾಗಿದ್ದೂ ಹಣ್ಣಿನ ಬೆಲೆ ಹತ್ತಾರು ಸಾವಿರಗಳಲ್ಲಿ, ಅದಕ್ಕೂ ಮೇಲೆ ಇರುತ್ತದೆ. ಅಫ್ಘಾನಿಯಲ್ಲಿ ಅದೇ ಹಣ್ಣಿಗೆ ಎರಡು ಅಂಕಿ, ಮೂರು ಅಂಕಿ ಸಾಕು. ಆದರೆ ಇರಾನಿನ ಕೆಲವು ಅಂಗಡಿಯವರು ಕೊನೆಯ ಮೂರು ಸೊನ್ನೆ ಬಿಟ್ಟು ಬರೆಯುತ್ತಾರೆ. ಹಾಗಾಗಿ ದೊಡ್ಡ ಸಂಖ್ಯೆ ಕಂಡರೆ ಇರಾನ್ ಅನ್ನಿ, ಚಿಕ್ಕದು ಕಂಡರೆ ಇನ್ನೂ ಸ್ವಲ್ಪ ಹುಡುಕಿ.

ಒಂದು ಫೋಟೊ ಹಿಡಿದು ಮೊದಲಿಂದ ಕೊನೆಯ ತನಕ ಬಿಡಿಸಿ ತೋರಿಸುತ್ತೀರಾ?

ಹೋದ ತಿಂಗಳು ಬಂದ ಫೋಟೊ ಇದು. ಟೊಮೆಟೊ, ಸೌತೆಕಾಯಿ, ಖರ್ಜೂರದ ರಾಶಿ. ಮೂರು ರಟ್ಟಿನ ಬೋರ್ಡು, ಕಪ್ಪು ಮಾರ್ಕರ್ ಪೆನ್ನು. ಅಂಗಡಿಯ ಹೆಸರು ಫೋಟೊದಲ್ಲಿ ಇಲ್ಲ, ಜನರ ಮುಖವೂ ಇಲ್ಲ. ಟೊಮೆಟೊ ಮೇಲೆ ٧٥٠, ಸೌತೆಕಾಯಿ ಮೇಲೆ ١٠٠٠, ಖರ್ಜೂರದ ಮೇಲೆ ٣٥٠٠.

ಆಟಕ್ಕೆ ಹೊಸಬನಾದ ಹುಡುಗ ಮೊದಲು ಹೇಳಿದ್ದು 'ಟೊಮೆಟೊ ಮೇಲೆ ವಿ ಓ ಅಂತ ಇದೆ, ಯಾವುದೋ ಕಂಪನಿ ಹೆಸರು' ಅಂತ. ನಗಬೇಡಿ, ٧٥ ನಿಜಕ್ಕೂ ಹಾಗೇ ಕಾಣುತ್ತದೆ. ಕಣಿವೆ ಏಳು, ಉಂಗುರ ಐದು, ಚುಕ್ಕಿ ಸೊನ್ನೆ. 750. ಉಳಿದೆರಡು 1000 ಮತ್ತು 3500.

ಮುಂದಿನ ಹೆಜ್ಜೆ ನಾಲ್ಕು, ಐದು, ಆರು ಹುಡುಕುವುದು. ನಾಲ್ಕು ಇಲ್ಲ, ಆರೂ ಇಲ್ಲ. ಐದು ಎರಡು ಕಡೆ ಇದೆ, ಎರಡೂ ನುಣುಪಾದ ಉಂಗುರ. ಅರಬ್ಬಿಯ ಕಡೆ ವಾಲಿದೆವು, ಆದರೆ ಮೇಲೆ ಹೇಳಿದ ಹಾಗೆ ಐದನ್ನು ಪೂರ್ತಿ ನಂಬುವ ಹಾಗಿಲ್ಲ. ಫೋಟೊ ಹಿಗ್ಗಿಸಿದಾಗ ಖರ್ಜೂರದ ಬೋರ್ಡಿನ ಮೂಲೆಯಲ್ಲಿ ಚುಕ್ಕಿ ಇರುವ ي ಕಂಡಿತು, ಪದದ ಕೊನೆಯಲ್ಲಿ. ಪಾರ್ಸಿಯವರು ಕೊನೆಯ ی ಗೆ ಚುಕ್ಕಿ ಇಡುವುದಿಲ್ಲ. ಈಗ ಇರಾನ್, ಅಫ್ಘಾನಿಸ್ತಾನ ಎರಡನ್ನೂ ಪಕ್ಕಕ್ಕೆ ಇಟ್ಟೆವು.

ಅರಬ್ ದೇಶಗಳಲ್ಲಿ ಯಾವುದು? ಮೊರಾಕೊ, ಅಲ್ಜೀರಿಯಾ, ಟುನೀಷಿಯಾದವರು ಅರಬ್ಬಿ ಅಕ್ಷರ ಬರೆದರೂ ಬೆಲೆಯನ್ನು ಇಂಗ್ಲಿಷ್ ಅಂಕಿಯಲ್ಲೇ ಬರೆಯುತ್ತಾರೆ. ಅವು ಹೋದವು. ಈಜಿಪ್ಟಿನಲ್ಲಿ ಅರಬ್ಬಿ ಅಂಕಿ ಧಾರಾಳವಾಗಿದೆ, ಆದರೆ ಅಲ್ಲಿ ಒಂದು ಕೆಜಿ ಟೊಮೆಟೊಗೆ 750 ಪೌಂಡ್ ಯಾರೂ ಕೊಡುವುದಿಲ್ಲ. ಸೌದಿಯಲ್ಲಿ 750 ರಿಯಾಲ್ ಅಂದರೆ ನಮ್ಮ ಹದಿನೈದು ಸಾವಿರ ರೂಪಾಯಿ ದಾಟುತ್ತದೆ. ಉಳಿದದ್ದು ಇರಾಕ್. ಅಲ್ಲಿ ದಿನಬಳಕೆಯಲ್ಲಿ ಕಾಣುವ ಚಿಕ್ಕ ನೋಟು 250 ದಿನಾರಿನದು. ಹಾಗಾಗಿ ಬೆಲೆಗಳೂ 250, 500, 750, 1000 ಅಂತ ಮೆಟ್ಟಿಲು ಹತ್ತುತ್ತವೆ. ಮೂರು ಬೋರ್ಡೂ ಆ ಮೆಟ್ಟಿಲ ಮೇಲೇ ಇದ್ದವು. 'ಇರಾಕ್' ಅಂತ ನಾನು ಎದೆ ತಟ್ಟಿ ಹೇಳಿದೆ.

ಅಷ್ಟರಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು, ನಾವೆಲ್ಲ ಮಾಮ ಅನ್ನುತ್ತೇವೆ, ಕುವೈತಿನಲ್ಲಿ ವರ್ಷಗಟ್ಟಲೆ ಡ್ರೈವರ್ ಆಗಿದ್ದವರು, ತಡೆದರು. 'ನಿಲ್ಲಪ್ಪಾ. ಕುವೈತಲ್ಲೂ ಟೊಮೆಟೊ ಮೇಲೆ 250, 750 ಅಂತ ಇರ್ತಿತ್ತು. ಅದು ದಿನಾರ್ ಅಲ್ಲ, ಫಿಲ್ಸು.' ಅವರು ಹೇಳಿದ್ದು ಸರಿ. ಕುವೈತಿನ 1 ದಿನಾರಿಗೆ 1000 ಫಿಲ್ಸ್. ಬಹ್ರೇನಿನಲ್ಲೂ ಹಾಗೇ. 750 ಫಿಲ್ಸ್ ಅಂದರೆ ಮುಕ್ಕಾಲು ದಿನಾರ್, ಒಂದು ಕೆಜಿಗೆ ಆಗಿಬರುವ ಬೆಲೆಯೇ. ನನ್ನ ಎದೆ ತಟ್ಟಿಕೊಂಡದ್ದು ಅಲ್ಲಿಗೆ ನಿಂತಿತು.

ಬಿಡಿಸಿದ್ದು ಖರ್ಜೂರ. ಕುವೈತಿನವರು ಸಾವಿರ ದಾಟಿದರೆ ಫಿಲ್ಸಿನಲ್ಲಿ ಎಳೆಯುವುದಿಲ್ಲ, ದಿನಾರಿಗೆ ಬರುತ್ತಾರೆ ಅಂದರು ಮಾಮ. ಮೂರೂವರೆ ದಿನಾರ್ ಅನ್ನುವುದನ್ನು ನಡುವೆ ಒಂದು ಅಲ್ಪವಿರಾಮದಂಥ ಗುರುತು ಹಾಕಿ ٣٫٥٠٠ ಅಂತ ಬರೆಯುತ್ತಾರೆ. ಅರಬ್ಬಿಯಲ್ಲಿ ಚುಕ್ಕಿಯೇ ಸೊನ್ನೆ ಆದ್ದರಿಂದ ದಶಮಾಂಶಕ್ಕೆ ಚುಕ್ಕಿ ಇಟ್ಟರೆ ಎಡವಟ್ಟಾಗುತ್ತದೆ ನೋಡಿ. ನಮ್ಮ ಬೋರ್ಡಿನಲ್ಲಿ ಮೂರರ ಪಕ್ಕ ಏನೂ ಇರಲಿಲ್ಲ. ಸೌತೆಕಾಯಿಗೂ ಸಾವಿರ ಅಂತಲೇ ಇತ್ತು, ಒಂದು ದಿನಾರ್ ಅಂತ ಇರಲಿಲ್ಲ. ಮತ್ತೆ ಇರಾಕಿಗೇ ಬಂದೆವು. ಯೆಮೆನ್, ಸಿರಿಯಾಗಳಲ್ಲೂ ಬೆಲೆ ನೂರು, ಸಾವಿರಗಳಲ್ಲಿ ಓಡುತ್ತದೆ, ಅದಕ್ಕೆ 'ಇರಾಕ್, ಆದರೆ ಇನ್ನೆರಡು ಬಾಗಿಲು ಪೂರ್ತಿ ಮುಚ್ಚಿಲ್ಲ' ಅಂತ ಬರೆದುಕೊಂಡೆವು. ಫೋಟೊ ತಂದವನು ಇರಾಕಿನ ಬಸ್ರಾ ಅಂದ. ಬಸ್ರಾ ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ಅಂಕಿಯಿಂದ ಊರು ಹೊಳೆಯುವುದೂ ಇಲ್ಲ.

ಇರಾಕಿನ ಕುರ್ದರ ಊರುಗಳನ್ನು ಬೇರೆ ಮಾಡಬಹುದಾ?

ಮಾಡಬಹುದು, ನನಗೆ ತುಂಬಾ ಇಷ್ಟವಾದ ಸುಳಿವು ಇದು. ಅಲ್ಲಿನ ಬರಹದಲ್ಲಿ ಅಂಕಿ ಅರಬ್ಬಿಯದು, ٤ ٥ ٦. ಆದರೆ ಅಕ್ಷರಗಳಲ್ಲಿ ತಲೆಯ ಮೇಲೆ ಪುಟ್ಟ ಕಣಿವೆ ಹೊತ್ತ ۆ ಮತ್ತು ێ ಸಿಗುತ್ತವೆ. ಇವು ಅರಬ್ಬಿಯಲ್ಲೂ ಇಲ್ಲ, ಪಾರ್ಸಿಯಲ್ಲೂ ಇಲ್ಲ. ಅಂಕಿ ಒಂದು ಕಡೆ ಎಳೆದು ಅಕ್ಷರ ಇನ್ನೊಂದು ಕಡೆ ಎಳೆದರೆ ಮೂರನೆಯದು ಏನೋ ಇದೆ ಅಂತ ಅರ್ಥ.

ನೇಪಾಳ, ಮಹಾರಾಷ್ಟ್ರ, ಉತ್ತರ ಭಾರತ: ಎಲ್ಲ ಕಡೆ १ २ ३ ತಾನೇ?

ಹೌದು. ಅಂಕಿಯಿಂದ ಬಿಡಿಸುವುದು ಕಷ್ಟ. ಅಕ್ಷರದಲ್ಲಿ ळ ಕಂಡರೆ ಮರಾಠಿ ಅಂತ ಊಹಿಸಬಹುದು. ಇಡೀ ಬೀದಿಯ ತುಂಬ, ಅಂಗಡಿ ಬೋರ್ಡು, ಫೋನ್ ನಂಬರು, ಎಲ್ಲ ಕಡೆ ನಾಗರಿ ಅಂಕಿಯೇ ಇದ್ದರೆ ನಾನು ನೇಪಾಳದ ಕಡೆ ಹೋಗುತ್ತೇನೆ.

ಬೋರ್ಡಿನಲ್ಲಿ ಇಂಗ್ಲಿಷ್ ಅಂಕಿಯೇ ಇದ್ದರೆ ಸುಳಿವೇ ಇಲ್ಲ ಅಂತನಾ?

ಆಗ ಕೈಬರಹ ನೋಡಬೇಕು. ನಾವು ಒಂದನ್ನು ಬರೀ ನೆಟ್ಟ ಕಡ್ಡಿಯಾಗಿ ಬರೆಯುತ್ತೇವೆ. ಜರ್ಮನಿ, ಫ್ರಾನ್ಸ್ ಕಡೆಯವರು ಒಂದರ ತಲೆಯಿಂದ ಎಡಕ್ಕೆ ಉದ್ದನೆಯ ಬಾಲ ಇಳಿಸುತ್ತಾರೆ, ನಮ್ಮ ಕಣ್ಣಿಗೆ ಅದು ಏಳು. ಅವರಿಗೂ ಆ ಗೊಂದಲ ಬೇಡ ಅಂತಲೇ ಏಳರ ನಡುವಿಗೆ ಅಡ್ಡಗೀಟು ಹಾಕುತ್ತಾರೆ. ಹಾಗಾಗಿ ಅಡ್ಡಗೀಟಿನ ಏಳು, ಬಾಲದ ಒಂದು ಎರಡೂ ಒಟ್ಟಿಗೆ ಸಿಕ್ಕರೆ ಯುರೋಪ್ ಅನ್ನುವುದಕ್ಕೆ ಬಲ ಬರುತ್ತದೆ. 1,99 ಅಂತ ದಶಮಾಂಶಕ್ಕೆ ಅಲ್ಪವಿರಾಮ ಇದ್ದರೆ ಇನ್ನಷ್ಟು ಬಲ.

ನಮ್ಮ ಕಡೆಯ ಗುರುತು ಬೆಲೆಯ ಕೊನೆಯ 40/- ಅನ್ನುವ ಗೀಟು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ, ಇಂಥ ಕಡೆ ಎಲ್ಲಾದರೂ ಇರಬಹುದು. ಪಾಕಿಸ್ತಾನದ ಹಲಗೆಯಲ್ಲಿ ಮಾತು ಉರ್ದುವಿನಲ್ಲಿ ಇದ್ದರೂ ಅಂಕಿ ಹೆಚ್ಚಾಗಿ ಇಂಗ್ಲಿಷಿನವೇ.

ಎಲ್ಲ ಸರಿಯಾಗಿ ನೋಡಿಯೂ ತಪ್ಪಾಗುವುದು ಎಲ್ಲಿ?

ಕನ್ನಡಿ ತಿರುಗಿದ ಫೋಟೊ ಒಂದು. ಅರಬ್ಬಿಯ ٢ ತಿರುಗಿದರೆ ٦ ರ ಹಾಗಾಗುತ್ತದೆ, ٤ ಇಂಗ್ಲಿಷ್ 3 ಆಗುತ್ತದೆ. ಜನರ ಅಂಗಿಯ ಗುಂಡಿ, ಗಾಡಿಯ ಸ್ಟೇರಿಂಗು ನೋಡಿದರೆ ತಿರುಗಿದ್ದು ಗೊತ್ತಾಗುತ್ತದೆ. ಇನ್ನೊಂದು, ರಟ್ಟನ್ನು ತಲೆಕೆಳಗಾಗಿ ಸಿಕ್ಕಿಸುವುದು. ٧ ತಲೆಕೆಳಗಾದರೆ ಸರಿಯಾಗಿ ٨. ಅಕ್ಷರ ಇಲ್ಲದ ಬೋರ್ಡಾದರೆ 7 ನ್ನು 8 ಅಂತ ಓದಿ, ಅದು ತಪ್ಪು ಅಂತ ಗೊತ್ತೇ ಆಗುವುದಿಲ್ಲ.

ತಕ್ಕಡಿಯ ಅಂಕಿ ಲೆಕ್ಕಕ್ಕಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲ ದೇಶದಲ್ಲೂ ಇಂಗ್ಲಿಷ್ ಅಂಕಿಯನ್ನೇ ತೋರಿಸುತ್ತದೆ ಅಂದುಕೊಂಡು ಬಿಟ್ಟುಬಿಡಿ. ಪೆಟ್ಟಿಗೆ, ಚೀಲದ ಮೇಲಿನ ಅಂಕಿ ಮಾಲು ಎಲ್ಲಿಂದ ಬಂತು ಅಂತ ಹೇಳುತ್ತದೆ, ಎಲ್ಲಿ ಮಾರುತ್ತಿದ್ದಾರೆ ಅಂತ ಹೇಳುವುದಿಲ್ಲ. ದುಬೈಯಲ್ಲಿ ಬಂಗಾಳಿಗಳ ಅಂಗಡಿಯೂ ಇರುತ್ತದೆ. ಅಂಕಿ ಹೇಳುವುದು ಬರೆದವನ ಕೈಯನ್ನು, ನೆಲವನ್ನಲ್ಲ.

ಬೆಲೆಯ ಗಾತ್ರ ನೋಡುವಾಗ ಅಳತೆ ಮರೆಯುವುದು ನಮ್ಮೂರವರೇ ಮಾಡುವ ತಪ್ಪು. ಕೋಲಾರದ ಮಂಡಿಯಲ್ಲಿ ಟೊಮೆಟೊ ಹರಾಜಾಗುವುದು ಸುಮಾರು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಬಾಕ್ಸಿನ ಬೆಲೆ 2000 ದಾಟಿತ್ತು. ಆ ಸಂಖ್ಯೆ ಬರೆದ ಫೋಟೊ ನೋಡಿ ಹೊರಗಿನವರು ಯಾರಾದರೂ 'ಕೆಜಿಗೆ 2000, ಇದು ರೂಪಾಯಿ ಇರಲಾರದು' ಅಂದರೆ ಅವರ ತರ್ಕದಲ್ಲಿ ತಪ್ಪಿಲ್ಲ, ಬಾಕ್ಸು ಗೊತ್ತಿಲ್ಲ ಅಷ್ಟೇ.

ಫೋಟೊದಲ್ಲಿ ಒಂದೇ ಒಂದು ಅಂಕಿ ಕಾಣುತ್ತಿದೆ. ಆಟ ಬಿಡಬೇಕಾ?

ಯಾವ ಅಂಕಿ ಅನ್ನುವುದರ ಮೇಲಿದೆ. ಪಾರ್ಸಿಯ ۴ ಒಂದೇ ಸಿಕ್ಕರೂ ಇರಾನ್ ಅಥವಾ ಅಫ್ಘಾನಿಸ್ತಾನ ಅಂತ ಧೈರ್ಯವಾಗಿ ಹೇಳುತ್ತೇನೆ. ಬಂಗಾಳಿಯ ৫ ಒಂದೇ ಸಾಕು. ನೆಟ್ಟ ಕಡ್ಡಿ ಒಂದೇ ಇದ್ದರೆ ಬಿಟ್ಟುಬಿಡಿ, ಅದು ಅರಬ್ಬಿ ಒಂದು, ಪಾರ್ಸಿ ಒಂದು, ನಮ್ಮ ಕೋಲಾರದ ಒಂದು, ಯಾವುದೂ ಆಗಬಹುದು. ಉಂಗುರ ಒಂದೇ ಇದ್ದರೆ ಅದರ ಪಕ್ಕ ಚುಕ್ಕಿ ಹುಡುಕಿ. ಚುಕ್ಕಿ ಸಿಕ್ಕರೆ ಉಂಗುರ ಐದು. ಸಿಗದಿದ್ದರೆ ಸೊನ್ನೆಯೋ ಐದೋ ಅಂತ ಹೇಳಲು ಬರುವುದಿಲ್ಲ. ನಾವು ಅಂಥ ಫೋಟೊಗೆ ಯಾರಿಗೂ ಪಾಯಿಂಟ್ ಕೊಡದೆ ಮುಂದಿನದಕ್ಕೆ ಹೋಗುತ್ತೇವೆ.